ಶಾರ್ಜಾದಲ್ಲಿ 12 ವರ್ಷ ಅಕೌಂಟ್ಸ್ ನೋಡಿ ಊರಿಗೆ ಬಂದಿದ್ದೇನೆ, ಮಂಗಳೂರಲ್ಲಿ ಇಂಟರ್‌ವ್ಯೂನಲ್ಲೇ ನಿಂತು ಹೋಗ್ತಿದೆ

ಕಾಪು_ಕಡಲು:
ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಮಾಡಿದವ. 2013ರಲ್ಲಿ ಶಾರ್ಜಾಕ್ಕೆ ಹೋಗಿ ಕಟ್ಟಡ ಸಾಮಗ್ರಿಯ ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್ ಆಗಿ ಸೇರಿದೆ, ಕೊನೆಗೆ ಸೀನಿಯರ್ ಅಕೌಂಟೆಂಟ್ ಆದೆ. ಅಪ್ಪನಿಗೆ ಹುಷಾರಿಲ್ಲದ ಕಾರಣ 2025ರ ಜೂನ್‌ನಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಬಂದೆ. ಇನ್ನು ವಾಪಸ್ ಹೋಗ್ಲಿಕ್ಕಿಲ್ಲ.

2018ರ ಜನವರಿಯಲ್ಲಿ ಯುಎಇಗೆ ವ್ಯಾಟ್ ಬಂದಾಗ ನಮ್ಮ ಕಂಪನಿಯಲ್ಲಿ ಅದನ್ನು ಮೊದಲಿನಿಂದ ಸೆಟ್ ಮಾಡಿದ್ದು ನಾನೇ. ಆಮೇಲೆ ಕಾರ್ಪೊರೇಟ್ ಟ್ಯಾಕ್ಸ್ ಬಂತು, ಅದೂ ಗೊತ್ತುಂಟು. ಆದ್ರೆ ಇಲ್ಲಿ ಬೈಕಂಪಾಡಿಯ ಒಂದು ಕಂಪನಿಯವರು ಇಂಟರ್‌ವ್ಯೂಗೆ ಕರೆದು, ಮಾತೇ ಆಡದೆ ಒಂದು ಲ್ಯಾಪ್‌ಟಾಪ್ ಮುಂದಿಟ್ಟು, "ಇದು ನಮ್ಮ ಪರ್ಚೇಸ್ ರಿಜಿಸ್ಟರ್, ಇದು ಟೂ ಬಿ, ಅರ್ಧ ಗಂಟೆಯಲ್ಲಿ ವ್ಯತ್ಯಾಸ ಹೇಳಿ" ಅಂದ್ರು. ಟೂ ಬಿ ಅಂದ್ರೆ ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ಮಾಡಿಕೊಡುವ ಇನ್‌ಪುಟ್ ಕ್ರೆಡಿಟ್ ಪಟ್ಟಿ. ಲೆಕ್ಕ ತಾಳೆ ನೋಡುವುದು ನನಗೆ ಹೊಸತಲ್ಲ. ಆದ್ರೆ ವ್ಯತ್ಯಾಸ ಸಿಕ್ಕಿದ ಮೇಲೆ ಅದರಲ್ಲಿ ಯಾವುದಕ್ಕೆ ಎಂತ ಮಾಡ್ಬೇಕು ಅಂತ ಕೇಳಿದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಬೇರೆ ಕಡೆಯೂ ಹೆಚ್ಚುಕಮ್ಮಿ ಇದೇ ಕಥೆ.

ಜಿಎಸ್‌ಟಿ ಕೋರ್ಸ್‌ಗೆ ಸೇರುವುದಾ, ಆಡಿಟರ್ ಆಫೀಸಿನಲ್ಲಿ ಸಣ್ಣ ಸಂಬಳಕ್ಕೆ ಕೂರುವುದಾ? ಗೊತ್ತಿದ್ದವರು ಹೇಳಿ.

ಮಲ್ಲೇಶ್ವರದವ:
ತಲೆ ಕೆಡಿಸ್ಕೋಬೇಡಿ ಗುರುಗಳೇ. ವ್ಯಾಟ್ ಮಾಡಿದೋರಿಗೆ ಜಿಎಸ್‌ಟಿ ಏನು ಮಹಾ? ಔಟ್‌ಪುಟ್ ಮೈನಸ್ ಇನ್‌ಪುಟ್, ಮುಗೀತು. ರೇಟು ಜಾಸ್ತಿ, ರಿಟರ್ನ್ ಜಾಸ್ತಿ, ಅಷ್ಟೇ. ಟೂ ಬಿಗೆ ಬರದೇ ಇದ್ರೂ ಶೇ. 5ರಷ್ಟು ಹೆಚ್ಚಿಗೆ ಕ್ರೆಡಿಟ್ ತಗೋಬಹುದು, ಸಣ್ಣಪುಟ್ಟ ವ್ಯತ್ಯಾಸ ಅದ್ರಲ್ಲೇ ಮುಚ್ಚಿಹೋಗುತ್ತೆ. ಯೂಟ್ಯೂಬ್‌ನಲ್ಲಿ ಒಂದು ವಾರ ಕೂತ್ರೆ ಸಾಕು.

ದಮ್ಮಾಮ್_ಡೈರಿ:
ಅಣ್ಣ, ನಾನು ಸೌದಿಯಲ್ಲಿದ್ದೇನೆ, ಮುಂದಿನ ವರ್ಷ ಬರುವ ಯೋಚನೆ ಉಂಟು. ನಿಮ್ಮ ಎನ್‌ಆರ್‌ಇ ಅಕೌಂಟ್ ಎಂತ ಮಾಡಿದ್ರಿ? ಇಲ್ಲಿ ಒಬ್ಬರು ಎರಡು ವರ್ಷ ಹಾಗೇ ಇಡಬಹುದು, ಬಡ್ಡಿಗೆ ತೆರಿಗೆ ಇಲ್ಲ ಅಂತಾರೆ. ಎಫ್‌ಡಿ ದೊಡ್ಡದುಂಟು.

ಕಾಪು_ಕಡಲು:
ಮಾರಾಯ್ರೆ, ನಾನು ಕೇಳಿದ್ದು ಕೆಲಸದ ವಿಷಯ 🙂 ನನ್ನ ಎನ್‌ಆರ್‌ಇಯಲ್ಲಿ ಉಳಿದದ್ದು ಎಲ್ಲ ಮನೆಯ ಸ್ಲ್ಯಾಬಿಗೆ ಹೋಯ್ತು. ಗೊತ್ತಿದ್ದವರು ಯಾರಾದ್ರೂ ಹೇಳಿಯಾರು.

ಲೆಕ್ಕದಕ್ಕ:
ನಾನು ಮಂಗಳೂರಲ್ಲಿ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ನೋಡಿಕೊಳ್ಳುವವಳು, 2017ರ ಜುಲೈ ಒಂದರ ಗಲಾಟೆಯಿಂದಲೂ ಇದೇ ಕುರ್ಚಿ. ಗಲ್ಫಿನಿಂದ ಬಂದವರು ನಮ್ಮಲ್ಲಿಗೂ ಬರ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮಲ್ಲೇಶ್ವರದವರ ಮಾತು. ಆ ಶೇ. 5 ಇದ್ದದ್ದು ಹೌದು. ಮೊದಲು 20 ಇತ್ತು, ಆಮೇಲೆ 10, ಆಮೇಲೆ 5. 2022ರ ಜನವರಿ 1ರಿಂದ ಅದು ಇಲ್ಲ. ಈಗ ಟೂ ಬಿಯಲ್ಲಿ ಬಿಲ್ ಕಾಣಿಸಿದರೆ ಕ್ರೆಡಿಟ್, ಇಲ್ಲದಿದ್ದರೆ ಇಲ್ಲ. ಇಂಟರ್‌ವ್ಯೂನಲ್ಲಿ ಶೇ. 5 ಅಂತ ಹೇಳಿದರೆ, ಈ ಮನುಷ್ಯ ನಾಲ್ಕು ವರ್ಷದಿಂದ ಪೋರ್ಟಲ್ ಮುಟ್ಟಿಲ್ಲ ಅಂತ ಎದುರಿನವರಿಗೆ ಅಲ್ಲೇ ಗೊತ್ತಾಗ್ತದೆ.

ಕಾಪು ಅವರೇ, ನೀವು ಎಡವುವ ಜಾಗ ಇದೊಂದೇ. ಯುಎಇಯಲ್ಲಿ ಸರಿಯಾದ ಟ್ಯಾಕ್ಸ್ ಇನ್‌ವಾಯ್ಸ್ ನಿಮ್ಮ ಕೈಯಲ್ಲಿದ್ದು, ಹಣ ಕೊಡುವ ಉದ್ದೇಶವೂ ಇದ್ದರೆ ಇನ್‌ಪುಟ್ ತೆಗೆದುಕೊಳ್ಳುತ್ತಿದ್ದಿರಿ. ಮಾರಿದವನು ಅವನ ರಿಟರ್ನ್ ಹಾಕಿದನಾ ಇಲ್ಲವಾ ಅಂತ ನೀವು ನೋಡಬೇಕಾಗಿರಲಿಲ್ಲ. ಇಲ್ಲಿ ಬಿಲ್ ಕೈಯಲ್ಲಿದ್ದು, ಮಾಲು ಗೋಡೌನಿಗೆ ಬಂದು, ಹಣವನ್ನೂ ಕೊಟ್ಟಾಗಿದ್ದರೂ ಅವನು ತನ್ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಹಾಕದಿದ್ದರೆ ನಿಮ್ಮ ಕ್ರೆಡಿಟ್ ನಿಲ್ಲುತ್ತದೆ. ಅಂದರೆ ಇಲ್ಲಿ ಅಕೌಂಟೆಂಟ್‌ನ ಅರ್ಧ ಕೆಲಸ ಬೇರೆಯವರ ರಿಟರ್ನ್ ಕಾಯುವುದು.

ತಿಂಗಳು ಹೀಗೆ ನಡೆಯುತ್ತದೆ: ದೊಡ್ಡ ಸಪ್ಲೈಯರ್‌ಗಳು 11ಕ್ಕೆ ಜಿಎಸ್‌ಟಿಆರ್-1 ಹಾಕುತ್ತಾರೆ, 14ಕ್ಕೆ ನಿಮ್ಮ ಟೂ ಬಿ ತಯಾರಾಗುತ್ತದೆ, 20ಕ್ಕೆ ನೀವು 3ಬಿ ಹಾಕಿ ತೆರಿಗೆ ಕಟ್ಟಬೇಕು. ಆ 14ರಿಂದ 20ರ ನಡುವೆ ನೀವು ಏನು ಮಾಡುತ್ತೀರಿ ಅನ್ನುವುದನ್ನೇ ಅವರು ಲ್ಯಾಪ್‌ಟಾಪ್ ಮುಂದಿಟ್ಟು ನೋಡಿದ್ದು.

ಕಾಪು_ಕಡಲು:
ಅಕ್ಕ, ಇದು ಯಾರೂ ಹೀಗೆ ಬಿಡಿಸಿ ಹೇಳಿರ್ಲಿಲ್ಲ. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಒಂದು ರಿಟರ್ನ್, 28ರ ಒಳಗೆ ಹಾಕಿದ್ರೆ ಆಯ್ತು. ಹಾಗಾದ್ರೆ ವ್ಯತ್ಯಾಸ ಬಂದದ್ದನ್ನು ಹೇಗೆ ವಿಂಗಡಿಸುವುದು? ಅಲ್ಲಿಯೇ ನಾನು ನಿಂತದ್ದು.

ಲೆಕ್ಕದಕ್ಕ:
ಒಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅಂಕಿ ನಾನು ಮಾಡಿಕೊಂಡದ್ದು, ಆದರೆ ಪ್ರತಿ ತಿಂಗಳೂ ನೋಡುವಂಥದ್ದೇ. ಮಂಗಳೂರಿನ ಒಂದು ಹಾರ್ಡ್‌ವೇರ್ ಕಂಪನಿ, ಗೋವಾದಲ್ಲಿ ಒಂದು ಬ್ರಾಂಚು, ಅಕ್ಟೋಬರ್ ತಿಂಗಳು. ಮಾರಾಟದ ಮೇಲಿನ ತೆರಿಗೆ 2,10,000. ಟ್ಯಾಲಿಯ ಪ್ರಕಾರ ಇನ್‌ಪುಟ್ 1,84,600. ಧಣಿಗಳು 25,400 ಕಟ್ಟಿದರೆ ಸಾಕು ಅಂತ ಕೂತಿದ್ದಾರೆ. 14ಕ್ಕೆ ಟೂ ಬಿ ಇಳಿಸಿದರೆ ಅದರಲ್ಲಿ ತೆಗೆದುಕೊಳ್ಳಬಹುದಾದ ಕ್ರೆಡಿಟ್ 1,50,400 ಮಾತ್ರ. 34,200 ಕಡಿಮೆ. ಈಗ ಕಟ್ಟಬೇಕಾದ್ದು 59,600.

ಆ 34,200 ನಾಲ್ಕು ಬಿಲ್ಲುಗಳಲ್ಲಿದೆ ಅಂತಿಟ್ಟುಕೊಳ್ಳಿ.

ಮೊದಲನೆಯದು ಬಂಟ್ವಾಳದ ಸಣ್ಣ ಸಪ್ಲೈಯರ್, ತೆರಿಗೆ 9,000. ಅವನದು ವರ್ಷಕ್ಕೆ 5 ಕೋಟಿಯೊಳಗಿನ ವ್ಯಾಪಾರ, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿ ತೆಗೆದುಕೊಂಡಿದ್ದಾನೆ. ಅವನ ಅಕ್ಟೋಬರ್ ಬಿಲ್ಲು ನಿಮಗೆ ಕಾಣುವುದು ಜನವರಿ 14ರ ಟೂ ಬಿಯಲ್ಲಿ. ಅವನು ತಪ್ಪು ಮಾಡಿಲ್ಲ, ಬೈಯುವ ಹಾಗೂ ಇಲ್ಲ. ಬೇಕಿದ್ದರೆ ಪ್ರತಿ ಮೂರು ತಿಂಗಳಲ್ಲಿ ಮೊದಲ ಎರಡು ತಿಂಗಳ ನಿಮ್ಮ ಬಿಲ್ಲುಗಳನ್ನು ಮಾತ್ರ ಮರು ತಿಂಗಳ 13ರ ಒಳಗೆ ಪೋರ್ಟಲ್‌ನ ಐಎಫ್‌ಎಫ್ ಸೌಲಭ್ಯದಲ್ಲಿ ಹಾಕಿ ಅಂತ ಕೇಳಿಕೊಳ್ಳಬಹುದು.

ಎರಡನೆಯದು 12,600. ಸಪ್ಲೈಯರ್ ರಿಟರ್ನ್ ಹಾಕಿದ್ದಾನೆ, ಆದರೆ ನಿಮ್ಮ ಕರ್ನಾಟಕದ ನಂಬರಿನ ಬದಲು ಗೋವಾ ಬ್ರಾಂಚಿನ ನಂಬರ್ ಹೊಡೆದಿದ್ದಾನೆ. 29ರಿಂದ ಶುರುವಾಗಬೇಕಾದದ್ದು 30ರಿಂದ ಶುರುವಾಗಿದೆ. ನಿಮ್ಮ ಟೂ ಬಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಗೋವಾದ ಟೂ ಬಿ ತೆರೆದರೆ ಅಲ್ಲಿ ಕೂತಿರುತ್ತದೆ. ಅವನು ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ ತಿದ್ದಬೇಕು.

ಮೂರನೆಯದು 10,800. ಬಿಲ್ ಕೊಟ್ಟವನು ರಿಟರ್ನನ್ನೇ ಹಾಕಿಲ್ಲ. ಪೋರ್ಟಲ್‌ನಲ್ಲಿ ಅವನ ನಂಬರ್ ಹೊಡೆದರೆ ಯಾವ ತಿಂಗಳವರೆಗೆ ಹಾಕಿದ್ದಾನೆ ಅಂತ ಯಾರು ಬೇಕಾದರೂ ನೋಡಬಹುದು. ಮೂರು ತಿಂಗಳಿನಿಂದ ಖಾಲಿ ಇದ್ದರೆ ಅವನಿಗೆ ಕೊಡಬೇಕಾದ ಬಾಕಿಯಲ್ಲಿ ತೆರಿಗೆಯ ಭಾಗ ತಡೆಹಿಡಿಯಲು ಧಣಿಗಳಿಗೆ ಹೇಳಿ. ಈ ಮಾತು ನೀವೇ ಎತ್ತಬೇಕು, ಅವರಾಗಿ ಕೇಳುವುದಿಲ್ಲ.

ನಾಲ್ಕನೆಯದು 1,800. ಸೇಲ್ಸ್‌ನವರು ಕೊಚ್ಚಿಗೆ ಹೋಗಿ ಉಳಿದ ಹೋಟೆಲ್ ಬಿಲ್ಲು. ರೂಮು ಕೇರಳದಲ್ಲಿದ್ದ ಕಾರಣ ಅವರು ಹಾಕಿದ್ದು ಕೇರಳದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಅದು ಕರ್ನಾಟಕದ ನಂಬರಿಗೆ ಯಾವತ್ತೂ ಸಿಗುವುದಿಲ್ಲ. ಟೂ ಬಿಯಲ್ಲಿ ಬಂದರೂ ಕ್ರೆಡಿಟ್ ಸಿಗದ ಭಾಗದಲ್ಲಿ ಬರುತ್ತದೆ. ಖರ್ಚಿಗೆ ಬರೆದು ಮುಗಿಸಿ.

ಮೊದಲ ಮೂರು ಬಾಕಿ ಉಳಿಯುತ್ತವೆ, ಪ್ರತಿ ತಿಂಗಳು ಮುಂದಕ್ಕೆ ಎಳೆದುಕೊಂಡು ಹೋಗಬೇಕು. ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಕೊನೆಯ ಗಡುವು (ವಾರ್ಷಿಕ ರಿಟರ್ನ್ ಅದಕ್ಕಿಂತ ಮೊದಲೇ ಹಾಕಿದರೆ ಆ ದಿನವೇ). ಅದು ದಾಟಿದರೆ ಕ್ರೆಡಿಟ್ ಹೋಯಿತು.

ಹುಬ್ಬಳ್ಳಿ_ಮಂದಿ:
ಅಕ್ಕಾರು ಭಾಳ ಛಲೋ ಹೇಳ್ಯಾರ. ನಾ ಇಲ್ಲಿ ಹುಬ್ಬಳ್ಯಾಗ ಒಂದು ಡಿಸ್ಟ್ರಿಬ್ಯೂಷನ್ ಕಂಪನಿ ಅಕೌಂಟ್ಸ್ ನೋಡ್ಕೋತೀನಿ, ಮಂದಿನ ತಗೋಳೋದೂ ನಾನ. ಆ ಕಡೆ ಕುಂತವರಿಗೆ ಏನ ಅನಸ್ತೈತಿ ಅಂತ ಹೇಳ್ತೀನ್ರಿ.

ಗಲ್ಫಿನವರು ಅಂದಕೂಡ್ಲೆ ನಮಗ ಬರೋ ಮೊದಲನೇ ಅನುಮಾನ ಜಿಎಸ್‌ಟಿ ಅಲ್ಲ. "ಆರು ತಿಂಗಳ ಇದ್ದು, ಮತ್ತ ವೀಸಾ ಬಂತಂತ ಹೋಗಿಬಿಟ್ರ?" ಅನ್ನೋದು. ನನಗ ಹಿಂಗ ಒಬ್ಬರು ಮಾರ್ಚ್ ತಿಂಗಳದಾಗ, ಇಯರ್ ಎಂಡಿಂಗ್ ನಡುವ ಬಿಟ್ಟು ಹೋದ್ರು. ನೀವು ವೀಸಾ ಕ್ಯಾನ್ಸಲ್ ಮಾಡ್ಸೀರಿ ಅಂದ್ರಲ್ಲ, ಆ ಕಾಗದ ಬಯೋಡೇಟಾ ಸಂಗಡನ ಇಟ್ಕೊಂಡು ಹೋಗ್ರಿ. ತಂದಿಯವರ ವಿಷಯ ಒಂದು ಮಾತಿನ್ಯಾಗ ಹೇಳ್ರಿ, ಉದ್ದ ಮಾಡಬ್ಯಾಡ್ರಿ.

ಎರಡನೇದು ಕಾಗದಪತ್ರ. ಎಚ್‌ಆರ್‌ನವರು ಫಾರ್ಮ್ 16 ಕೇಳ್ತಾರ, ಪಿಎಫ್ ಪಾಸ್‌ಬುಕ್ ಕೇಳ್ತಾರ. ಅಲ್ಲಿ ಸಂಬಳಕ್ಕ ಟ್ಯಾಕ್ಸ್ ಇಲ್ಲ, ಪಿಎಫ್ ಇಲ್ಲ, ಎಲ್ಲಿಂದ ತರ್ತೀರಿ? ಸಂಬಳ ಬ್ಯಾಂಕಿಗೆ ಬಿದ್ದ ಸ್ಟೇಟ್‌ಮೆಂಟು, ಕಂಪನಿ ಲೆಟರ್‌ಹೆಡ್ ಮ್ಯಾಲಿನ ಸ್ಯಾಲರಿ ಸರ್ಟಿಫಿಕೇಟು, ಸರ್ವಿಸ್ ಸರ್ಟಿಫಿಕೇಟು, ಇವು ಮೂರು ಇದ್ರ ಸಾಕು. ಅಲ್ಲಿ ಬ್ಯಾಂಕ್ ಅಕೌಂಟ್ ಮುಚ್ಚೂಕಿಂತ ಮೊದಲ ಸ್ಟೇಟ್‌ಮೆಂಟ್ ಇಳಿಸ್ಕೋಬೇಕು, ಆಮ್ಯಾಲೆ ಸಿಗೂದು ಕಷ್ಟ. ದಮ್ಮಾಮ್‌ನವ್ರು ಇದನ್ನ ಬರದಿಟ್ಕೋರಿ.

ಮಲ್ಲೇಶ್ವರದವ:
ಶೇ. 5 ಹೋಗಿದ್ದು ಗೊತ್ತಿರ್ಲಿಲ್ಲ, ಒಪ್ಕೊಂಡೆ. ಆದ್ರೂ ಕೇಳ್ತೀನಿ, ಟ್ಯಾಲಿನೇ ಈಗ ಟೂ ಬಿ ಇಂಪೋರ್ಟ್ ಮಾಡಿ ತಾಳೆ ನೋಡಿ ಕೊಡುತ್ತಲ್ಲ? ಬಟನ್ ಒತ್ತೋ ಕೆಲಸಕ್ಕೆ ಮನುಷ್ಯನ್ನ ಯಾಕೆ ಪರೀಕ್ಷೆ ಮಾಡಬೇಕು?

ಲೆಕ್ಕದಕ್ಕ:
ಟ್ಯಾಲಿ ಹೊಂದುವುದನ್ನು ಹೊಂದಿಸಿ ಕೊಡುತ್ತದೆ. ಗೋವಾದ ನಂಬರಿಗೆ ಹೋದ ಬಿಲ್ಲನ್ನು ಅದು ಮಂಗಳೂರಿನ ಟೂ ಬಿಯಲ್ಲಿ ಹುಡುಕಿ ಸಿಗಲಿಲ್ಲ ಅನ್ನುತ್ತದೆ, ಅಷ್ಟೇ. ಇನ್ನೊಂದು ತಕರಾರು ಬಿಲ್ ನಂಬರ್. ನಮ್ಮ ಹುಡುಗರು "145" ಅಂತ ಎಂಟ್ರಿ ಮಾಡಿರುತ್ತಾರೆ, ಸಪ್ಲೈಯರ್ "145/25-26" ಅಂತ ಹಾಕಿರುತ್ತಾನೆ. ಎರಡೂ ಒಂದೇ ಅಂತ ನಮಗೆ ಕಾಣುತ್ತದೆ, ಸಾಫ್ಟ್‌ವೇರಿಗೆ ಎಲ್ಲ ಸಲ ಕಾಣುವುದಿಲ್ಲ.

ಇಂಟರ್‌ವ್ಯೂನಲ್ಲಿ ಎಕ್ಸೆಲ್ ಮಾತ್ರ ಕೊಟ್ಟರೆ ನಾನು ಮಾಡುವುದು ಹೀಗೆ. ಬಿಲ್ ನಂಬರ್ ಬಿಟ್ಟುಬಿಡಿ. ಎರಡೂ ಶೀಟಿನಲ್ಲಿ ಸಪ್ಲೈಯರ್ ಜಿಎಸ್‌ಟಿ ನಂಬರ್ ಮತ್ತು ತೆರಿಗೆ ಮೊತ್ತ ಸೇರಿಸಿ ಒಂದು ಕೀ ಮಾಡಿ, ಅದನ್ನು ಇನ್ನೊಂದು ಶೀಟಿನಲ್ಲಿ ಎಣಿಸಿ. A ಕಾಲಂನಲ್ಲಿ ಜಿಎಸ್‌ಟಿ ನಂಬರ್, F ಕಾಲಂನಲ್ಲಿ ತೆರಿಗೆ, H ಕಾಲಂನಲ್ಲಿ ಕೀ ಇದ್ದರೆ:

```
H2:  =TRIM(A2)&"|"&ROUND(F2,0)
I2:  =COUNTIF('2B'!H:H,H2)
```

I ಕಾಲಂನಲ್ಲಿ ಸೊನ್ನೆ ಬಂದದ್ದನ್ನು ಮಾತ್ರ ಕಣ್ಣಲ್ಲಿ ನೋಡಿದರೆ ಸಾಕು. ಒಬ್ಬನೇ ಸಪ್ಲೈಯರ್ ಒಂದೇ ಮೊತ್ತದ ಎರಡು ಬಿಲ್ ಕೊಟ್ಟಿದ್ದರೆ ಇದು ಮೋಸ ಮಾಡುತ್ತದೆ, ಆ ಮಟ್ಟಿಗೆ ಎಚ್ಚರ.

ಈಗ ಪೋರ್ಟಲ್‌ನಲ್ಲಿ ಐಎಂಎಸ್ ಅಂತ ಒಂದಿದೆ, 2024ರ ಅಕ್ಟೋಬರ್‌ನಿಂದ. ಸಪ್ಲೈಯರ್ ಹಾಕಿದ ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದ ಹಾಗೆ. ಕಾಪು ಅವರು ಇದನ್ನು ಒಮ್ಮೆ ಕೂತು ನೋಡಿಕೊಂಡು ಹೋದರೆ, ಇಲ್ಲೇ ಇದ್ದವರಲ್ಲೂ ಅನೇಕರಿಗಿಂತ ಮುಂದಿರುತ್ತೀರಿ. ಇನ್ನು ಟಿಡಿಎಸ್‌ನಲ್ಲಂತೂ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಎಲ್ಲ ಬದಲು. ಬಾಯಿಪಾಠ ಮಾಡಿದ್ದ 194ಸಿ, 194ಜೆ ನಮಗೂ ಮರೆಯಬೇಕಾಗಿದೆ. ಆ ವಿಷಯದಲ್ಲಿ ನೀವೂ ನಾವೂ ಒಂದೇ ಬೆಂಚು.

ಕುಂದಾಪ್ರ_ಹೈದ:
ಎಂತಕ್ಕೆ ಮಾರಾಯ್ರೆ ಮಂಗ್ಳೂರಂಗೆ ಜಿಎಸ್‌ಟಿ ಜಿಎಸ್‌ಟಿ ಅಂದ್ಕಂಡ್ ಕೂಕಂತ್ರಿ? ನನ್ ಭಾವ ದುಬೈಂದ ಬಂದ್ ಬೆಂಗ್ಳೂರಂಗೆ ಗಲ್ಫ್ ಕಂಪ್ನಿಗಳ ಬುಕ್ಸ್ ಬರೂ ಆಫೀಸಿಗೆ ಸೇರ್ಕಂಡ. ಅಲ್ಲಿ ಯುಎಇ ವ್ಯಾಟು, ಕಾರ್ಪೊರೇಟ್ ಟ್ಯಾಕ್ಸು ಗೊತ್ತಿಪ್ಪರೇ ಬೇಕಂಬ್ರ್. ಗೊತ್ತಿಪ್ದಕ್ಕೆ ದುಡ್ ಕೊಡೂರ್ ಇಪ್ಪತ್ತಿಗೆ ಗೊತ್ತಿಲ್ದೇ ಇಪ್ದ್ ಎಂತಕ್ಕೆ ಕಲೂದ್?

ಕಾಪು_ಕಡಲು:
ಯೋಚನೆ ಮಾಡಿದ್ದೆ ಅಣ್ಣ. ಆದ್ರೆ ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಉಂಟು, ಉಡುಪಿ ಮಂಗಳೂರು ಬಿಟ್ಟು ಹೋಗ್ಲಿಕ್ಕೆ ಆಗುವುದಿಲ್ಲ. ಮನೆಯಿಂದಲೇ ಮಾಡುವಂಥದ್ದು ಸಿಕ್ಕಿದ್ರೆ ಖಂಡಿತ ಬೇಕು.

ಲೆಕ್ಕದಕ್ಕ:
ಕುಂದಾಪುರದವರ ಮಾತು ತೆಗೆದುಹಾಕುವಂಥದ್ದಲ್ಲ. ಯುಎಇ ಕಾರ್ಪೊರೇಟ್ ಟ್ಯಾಕ್ಸ್ 2023ರ ಜೂನ್ ನಂತರ ಶುರುವಾದ ಹಣಕಾಸು ವರ್ಷಗಳಿಗೆ ಬಂದದ್ದು, ಅದನ್ನು ಕೈಯಾರೆ ಮಾಡಿದವರು ಇಲ್ಲಿ ಹೆಚ್ಚಿಲ್ಲ. ಆದರೆ ನನಗೆ ಒಂದು ಭಯ. ನಾಲ್ಕು ವರ್ಷ ಊರಲ್ಲಿದ್ದೂ ಗಲ್ಫಿನ ಬುಕ್ಸ್ ಮಾತ್ರ ಬರೆದರೆ, ಆಮೇಲೆ ಇಲ್ಲಿನ ಕಂಪನಿಗೆ ಬರುವಾಗ ಇದೇ ಲ್ಯಾಪ್‌ಟಾಪ್ ಪುನಃ ಎದುರಿಗೆ ಬರುತ್ತದೆ, ಆಗ ವಯಸ್ಸೂ ಜಾಸ್ತಿ.

ಕುಂದಾಪ್ರ_ಹೈದ:
ಆ ಕಂಪ್ನಿಯಂಗೇ ಇದ್ರೆ ಆಯ್ತಲೆ ಅಕ್ಕ. ಎಲ್ಲರೂ ಬೈಕಂಪಾಡಿಗೇ ಬರ್ಕಂಬ ಕಾನೂನ್ ಇತ್ತಾ? 😄

ಹುಬ್ಬಳ್ಳಿ_ಮಂದಿ:
ಸಂಬಳದ ಮಾತು ಯಾರೂ ತಗೀಲಿಲ್ಲ. ಕಾಪು ಅವರ, ಏನಾದ್ರೂ ಆಫರ್ ಬಂದೈತೇನು?

ಕಾಪು_ಕಡಲು:
ಒಂದು ಬಂದದ್ದುಂಟು, ಪಣಂಬೂರು ಕಡೆ ಲಾಜಿಸ್ಟಿಕ್ಸ್ ಕಂಪನಿ. ಸಿಟಿಸಿ 5.4 ಲಕ್ಷ ಅಂದ್ರು. ತಿಂಗಳಿಗೆ 45 ಸಾವಿರ ಅಂತ ಮನೆಯಲ್ಲಿ ಹೇಳಿದ್ದೇನೆ. ಸ್ವಲ್ಪ ಕಡಿಮೆ, ಆದ್ರೂ ಸುಧಾರಿಸಬಹುದು.

ಹುಬ್ಬಳ್ಳಿ_ಮಂದಿ:
ಮನ್ಯಾಗ ಮತ್ತೊಮ್ಮೆ ಹೇಳ್ರಿ, 45 ಕೈಗೆ ಬರೂದಿಲ್ಲ. ಗಲ್ಫಿನ್ಯಾಗ ಆಫರ್ ಲೆಟರ್‌ನ್ಯಾಗ ಬರದದ್ದು ಪೂರಾ ಬ್ಯಾಂಕಿಗೆ ಬೀಳ್ತದ, ಇಲ್ಲಿ ಹಂಗಿಲ್ಲ. ಬೇಸಿಕ್ ಅರ್ಧ ಅಂತ ಹಿಡೀರಿ, 22,500. ಕಂಪನಿ ಕಟ್ಟೋ ಪಿಎಫ್ ಪಾಲು ಸಿಟಿಸಿ ಒಳಗನ ಇರ್ತೈತಿ, ಕನಿಷ್ಠ ಲೆಕ್ಕ ಹಿಡದ್ರ 1,800. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇ. 4.81, ಅದು 1,082. ಅವೆರಡೂ ತಗದ್ರ ಉಳೀತು 42,118. ಅದರಾಗ ನಿಮ್ಮ ಪಾಲಿನ ಪಿಎಫ್ ಮತ್ತೊಂದು 1,800, ವೃತ್ತಿ ತೆರಿಗೆ 200. ಕೈಗೆ 40,118. ಫೆಬ್ರುವರಿಯಾಗ ವೃತ್ತಿ ತೆರಿಗೆ 300, ಇನ್ನೂ ನೂರು ಹೋತು. ಇನ್ಶೂರೆನ್ಸ್ ಪ್ರೀಮಿಯಂ, ಬೋನಸ್ ಅಂತ ಸಿಟಿಸಿಯೊಳಗ ತುರಕಿದ್ರ ಮತ್ತೂ ಕಡಿಮಿ ಆಗ್ತೈತಿ. ಈ ಸಂಬಳಕ್ಕ ಹೊಸ ಪದ್ಧತಿಯಾಗ ಆದಾಯ ತೆರಿಗೆ ಬೀಳೂದಿಲ್ಲ, ಅದೊಂದು ಸಮಾಧಾನ.

ಅಲ್ಲಿ ಗ್ರಾಚ್ಯುಟಿ ಒಂದು ವರ್ಷ ಮುಗದ್ರ ಸಿಗ್ತಿತ್ತು ನಿಮಗ. ಇಲ್ಲಿ ಕಾಯಂ ನೌಕರಿಗೆ ಐದು ವರ್ಷ ಬೇಕು. ಅಲ್ಲೀತನಕ ಆ 1,082 ಬರೇ ಕಾಗದದ ಮ್ಯಾಲಿನ ರೊಕ್ಕ. ಆಫರ್ ಒಪ್ಪೂಕಿಂತ ಮೊದಲ "ಕೈಗೆ ಎಷ್ಟು, ಬಿಡಿಸಿ ಬರದು ಕೊಡ್ರಿ" ಅಂತ ಕೇಳ್ರಿ. ನಾಚಿಗಿ ಪಡಬ್ಯಾಡ್ರಿ, ಎಲ್ಲಾರೂ ಕೇಳ್ತಾರ. ನೋಟಿಸ್ ಪಿರಿಯಡ್ ಎಷ್ಟು ಅನ್ನೂದೂ ನೋಡ್ರಿ, ಮೂರು ತಿಂಗಳ ಇದ್ರ ಮುಂದ ಛಲೋ ಕೆಲಸ ಸಿಕ್ಕಾಗ ಕಾಲಿಗೆ ಕಟ್ಟಿದಂಗ ಆಗ್ತೈತಿ.

ಕಾಪು_ಕಡಲು:
ಐದು ಸಾವಿರ ಹೀಗೇ ಹೋಯ್ತು ನೋಡಿ! ಕೇಳಿದ್ದು ಒಳ್ಳೆಯದಾಯ್ತು. ಅಕ್ಕ, ಲಾಜಿಸ್ಟಿಕ್ಸ್‌ನಲ್ಲಿ ಈ ಟೂ ಬಿ ಕೆಲಸ ಹೆಚ್ಚು ಇರ್ತದಾ?

ಲೆಕ್ಕದಕ್ಕ:
ಖರೀದಿ ಬಿಲ್ಲುಗಳು ಹಾರ್ಡ್‌ವೇರ್‌ನಷ್ಟು ಇರುವುದಿಲ್ಲ. ಆದರೆ ಸಾಗಣೆಯಲ್ಲಿ ರಿವರ್ಸ್ ಚಾರ್ಜ್ ಬರುತ್ತದೆ, ಬಂದರಿನ ಬಿಲ್ಲುಗಳು ಇರುತ್ತವೆ, ಕಾಸರಗೋಡಿನ ಗಿರಾಕಿಗೆ ಐಜಿಎಸ್‌ಟಿಯಾ ಇಲ್ಲಿನದ್ದಾ ಅನ್ನುವ ಪ್ರಶ್ನೆ ದಿನಾ ಇರುತ್ತದೆ. ಕಲಿಯಲು ಕೆಟ್ಟ ಜಾಗವಲ್ಲ. ಕೋರ್ಸ್ ವಿಷಯ ಕೇಳಿದ್ದಿರಿ. ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡುವುದನ್ನು ನಾನು ಕಂಡಿಲ್ಲ. ಅದರ ಬದಲು ಪರಿಚಯದ ಯಾವುದಾದರೂ ಆಡಿಟರ್ ಹತ್ತಿರ 11ರಿಂದ 20ನೇ ತಾರೀಕಿನವರೆಗೆ ಬಂದು ಕೂರುತ್ತೇನೆ ಅಂತ ಕೇಳಿ. ಆ ದಿನಗಳಲ್ಲಿ ಎಲ್ಲ ಆಫೀಸಿಗೂ ಕೈ ಬೇಕು, ಸಂಬಳ ಕೊಡದಿದ್ದರೂ ಓಡಾಟದ ಖರ್ಚಾದರೂ ಕೊಡುತ್ತಾರೆ. ಎರಡು ತಿಂಗಳು ಹಾಗೆ ಕೂತರೆ ನಾಲ್ಕೈದು ಕಂಪನಿಗಳ ಟೂ ಬಿ ನೋಡಿದ ಹಾಗಾಯಿತು.

ಹುಬ್ಬಳ್ಳಿ_ಮಂದಿ:
ಪುಕ್ಕಟೆ ದುಡಿ ಅಂತ ಹನ್ನೆರಡು ವರ್ಷ ಅನುಭವ ಇದ್ದವರಿಗೆ ಹೇಳೂದು ನನಗ ಒಪ್ಪಿಗಿ ಇಲ್ರಿ ಅಕ್ಕಾರ. ಆಫರ್ ಕೈಯಾಗ ಐತಿ, ಸೇರಿ ಅಲ್ಲೇ ಕಲೀಲಿ.

ಲೆಕ್ಕದಕ್ಕ:
ಆಫರ್ ಇದ್ದವರಿಗೆ ಹೌದು. ಇಲ್ಲದವರಿಗೆ ನಾನು ಹೇಳಿದ್ದು. ನಮ್ಮಲ್ಲಿ ಹಾಗೆ ಬಂದು ಕೂತ ಮಸ್ಕತ್‌ನ ಒಬ್ಬರು ಈಗ ನಮ್ಮದೇ ಕ್ಲೈಂಟ್ ಒಬ್ಬರ ಅಕೌಂಟ್ಸ್ ಮ್ಯಾನೇಜರ್.

ದಮ್ಮಾಮ್_ಡೈರಿ:
ನನ್ನ ಎನ್‌ಆರ್‌ಇ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ 🙏

ಲೆಕ್ಕದಕ್ಕ:
ಕ್ಷಮಿಸಿ, ಮರೆತಿತ್ತು. ನಿಮಗೆ ಹೇಳಿದವರು ಎರಡು ವಿಷಯ ಕಲಸಿದ್ದಾರೆ. ಕಾಯಂ ಆಗಿ ಊರಿಗೆ ಬಂದ ಮೇಲೆ ಎನ್‌ಆರ್‌ಇ ಅಕೌಂಟನ್ನು ಹಾಗೇ ಇಡುವಂತಿಲ್ಲ. ಬ್ಯಾಂಕಿಗೆ ತಿಳಿಸಿ ರೆಸಿಡೆಂಟ್ ಅಕೌಂಟ್ ಮಾಡಿಸಬೇಕು, ಆಮೇಲಿನ ಬಡ್ಡಿಗೆ ತೆರಿಗೆ ಉಂಟು. ಎರಡು ವರ್ಷದ ಮಾತು ಬರುವುದು ಆರ್‌ಎನ್‌ಓಆರ್‌ನಿಂದ, ಅಂದರೆ ವಿದೇಶದಿಂದ ವಾಪಸ್ ಬಂದವರಿಗೆ ಆದಾಯ ತೆರಿಗೆಯಲ್ಲಿ ಮೊದಲ ಕೆಲವು ವರ್ಷ ಸಿಗುವ ಸ್ಥಾನಮಾನದಿಂದ. ಅದು ಇರುವಷ್ಟು ಕಾಲ ಸೌದಿಯಲ್ಲೇ ಉಳಿದ ಹಣದ ಮೇಲೆ ಅಲ್ಲೇ ಬರುವ ಆದಾಯಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ನಿಮ್ಮ ಎಫ್‌ಡಿ ಇರುವುದು ಭಾರತದ ಬ್ಯಾಂಕಿನಲ್ಲಿ, ಹಾಗಾಗಿ ಅದಕ್ಕೆ ಇದು ತಾಗುವುದಿಲ್ಲ.

ಆರ್‌ಎನ್‌ಓಆರ್ ಎಷ್ಟು ವರ್ಷ ಅನ್ನುವುದು ನೀವು ರಜೆಗೆ ಬಂದ ದಿನಗಳ ಮೇಲೂ ನಿಲ್ಲುತ್ತದೆ. ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು ಒಟ್ಟು 729 ದಿನ ಮೀರಿರಬಾರದು, ಅಥವಾ ಹಿಂದಿನ ಹತ್ತರಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿರಬೇಕು. ಎರಡರಲ್ಲಿ ಒಂದಾದರೂ ಸಾಕು. 2020ರಲ್ಲಿ ಕೊರೊನಾಗೆ ಊರಲ್ಲೇ ಸಿಕ್ಕಿಬಿದ್ದಿದ್ರಾ? ಪಾಸ್‌ಪೋರ್ಟಿನ ಸೀಲು ನೋಡಿ ವರ್ಷವಾರು ದಿನ ಎಣಿಸಿ ಇಲ್ಲಿ ಹಾಕಿ, ಆಮೇಲೆ ನೋಡುವ.

ದಮ್ಮಾಮ್_ಡೈರಿ:
ಸಿಕ್ಕಿಬಿದ್ದಿದ್ದೆ ಅಕ್ಕ, ಮಾರ್ಚಿಂದ ಹೆಚ್ಚುಕಮ್ಮಿ ಡಿಸೆಂಬರ್‌ವರೆಗೆ. ಆ ಪಾಸ್‌ಪೋರ್ಟ್ ಹಳೆಯದು, ಮನೆಯಲ್ಲಿ ಉಂಟು. ಹೆಂಡತಿ ಹತ್ರ ಫೋಟೋ ತೆಗೆಸಿ ಶುಕ್ರವಾರ ಹಾಕ್ತೇನೆ.

ಕಾಪು_ಕಡಲು:
ಪಣಂಬೂರಿನವರಿಗೆ ಫೋನ್ ಮಾಡಿದೆ. ಬಿಡಿಸಿ ಬರೆದ ಪಟ್ಟಿ ಕಳಿಸಿದ್ರು. ಕೈಗೆ 38,900, ಯಾಕಂದ್ರೆ ಸಿಟಿಸಿಯಲ್ಲಿ ಮೆಡಿಕಲ್ ಇನ್ಶೂರೆನ್ಸ್ ಸೇರಿದೆ. ಅಪ್ಪನನ್ನು ಆ ಇನ್ಶೂರೆನ್ಸಿಗೆ ಸೇರಿಸ್ಲಿಕ್ಕೆ ಆಗ್ತದಾ, ಈಗಾಗಲೇ ಇರುವ ಕಾಯಿಲೆಗೂ ಸಿಗ್ತದಾ ಅಂತ ಕೇಳಿದ್ದೇನೆ, ಸೋಮವಾರ ಹೇಳ್ತೇನೆ ಅಂದಿದ್ದಾರೆ. ಸಿಕ್ಕಿದ್ರೆ ಸಾವಿರ ರೂಪಾಯಿಗೆ ನಾನು ಚೌಕಾಸಿ ಮಾಡ್ಲಿಕ್ಕಿಲ್ಲ. ಇಲ್ಲಿ ಯಾರಿಗಾದ್ರೂ ಕಂಪನಿ ಪಾಲಿಸಿಯಲ್ಲಿ ಅಪ್ಪ ಅಮ್ಮನ ಡಯಾಲಿಸಿಸ್‌ಗೆ ಹಣ ಸಿಕ್ಕಿದ್ದುಂಟಾ?